ಐಯೊವನ್ನು ಹಿಡಿದಿಟ್ಟ ಅನುರಣನ ಕ್ಷುದ್ರಗ್ರಹಗಳನ್ನು ಯಾಕೆ ಹೊರದಬ್ಬುತ್ತದೆ?

ಪ್ರಶ್ನೆ: ಗುರುವಿನ ಚಂದ್ರಗಳು 1:2:4 ಲೆಕ್ಕದಲ್ಲಿ ಸುತ್ತುತ್ತವೆ, ಆ ಅನುರಣನದಿಂದ ಕ್ಷುದ್ರಗ್ರಹ ಪಟ್ಟಿಯಲ್ಲಿ ಖಾಲಿ ಜಾಗಗಳಾಗಿವೆ ಅಂತ ಓದಿದೆ. ಹಾಗಾದರೆ ಅದೇ ಅನುರಣನ ಚಂದ್ರಗಳನ್ನೇ ಯಾಕೆ ಚದುರಿಸಿಲ್ಲ?

ಉತ್ತರ: ಅನುರಣನ ಅಂದರೆ ಸುತ್ತಿನ ಸಮಯಗಳು ಸರಳ ಲೆಕ್ಕದಲ್ಲಿ ಕೂಡಿಬಂದು, ಒಂದು ಇನ್ನೊಂದನ್ನು ಎಳೆಯುವುದು ಪದೇಪದೇ ಒಂದೇ ತಾಳದಲ್ಲಿ ಆಗುವುದು. ಈಗ ಮೊದಲು ಒಂದು ಗಂಟು ಬಿಡಿಸೋಣ. ಕ್ಷುದ್ರಗ್ರಹ ಪಟ್ಟಿಯಲ್ಲಿ ಖಾಲಿ ಜಾಗ ಮಾಡಿದ್ದು ಚಂದ್ರಗಳಲ್ಲ, ಗುರುವೇ. ನಾಲ್ಕು ದೊಡ್ಡ ಚಂದ್ರಗಳನ್ನು ಒಟ್ಟು ಸೇರಿಸಿದರೂ ಗುರುವಿನ ತೂಕದ ಸುಮಾರು 5,000ದಲ್ಲಿ ಒಂದು ಪಾಲು ಅಷ್ಟೇ. ಅವುಗಳಲ್ಲಿ ತೀರಾ ಹೊರಗಿರುವ ಕ್ಯಾಲಿಸ್ಟೊ ಗುರುವಿನಿಂದ ಸುಮಾರು 19 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಪಟ್ಟಿಯ ಹೊರ ಅಂಚಿನಿಂದ ಗುರುವಿನ ಕಕ್ಷೆಗೆ ಸುಮಾರು 28 ಕೋಟಿ ಕಿಲೋಮೀಟರ್. ಅಷ್ಟು ದೂರದಿಂದ ನೋಡಿದರೆ ಗುರು ಮತ್ತು ಅದರ ಚಂದ್ರಗಳು ಎಲ್ಲಾ ಸೇರಿ ಒಂದೇ ಗಟ್ಟಿ. ಜೊತೆಗೆ, ಚಂದ್ರಗಳು ದಿನಗಳ ಲೆಕ್ಕದಲ್ಲಿ ಸುತ್ತುತ್ತವೆ, ಕ್ಷುದ್ರಗ್ರಹಗಳು ವರ್ಷಗಳ ಲೆಕ್ಕದಲ್ಲಿ. ಒಂದು ಕ್ಷುದ್ರಗ್ರಹ ಸೂರ್ಯನನ್ನು ಒಮ್ಮೆ ಸುತ್ತುವಷ್ಟರಲ್ಲಿ, ಈ ನಾಲ್ಕರಲ್ಲಿ ತೀರಾ ಒಳಗಿರುವ ಐಯೊ ಗುರುವನ್ನು ನೂರಾರು ಸಲ ಸುತ್ತಿರುತ್ತದೆ. ಅದು ಅತ್ತ ಎಳೆದದ್ದು ಇತ್ತ ಎಳೆದದ್ದು ಎಲ್ಲಾ ಹೊಡೆದುಹೋಗುತ್ತದೆ.

ಅಂದರೆ ಇಲ್ಲಿರುವುದು ಎರಡು ಬೇರೆ ಬೇರೆ ಅನುರಣನ. ಒಂದು ಗುರುವಿನ ಸುತ್ತ, ಚಂದ್ರಗಳ ನಡುವೆ. ಇನ್ನೊಂದು ಸೂರ್ಯನ ಸುತ್ತ, ಗುರು ಮತ್ತು ಕ್ಷುದ್ರಗ್ರಹಗಳ ನಡುವೆ. ಕೆಲವು ಬರಹಗಳಲ್ಲಿ ಇವೆರಡನ್ನೂ ಒಂದೇ ಪ್ಯಾರಾದಲ್ಲಿ ಹಾಕುತ್ತಾರೆ, ಅದಕ್ಕೇ ಈ ಗೊಂದಲ. ಆದರೆ ನಿಮ್ಮ ಪ್ರಶ್ನೆಯ ಎರಡನೇ ಅರ್ಧ ಇದೆಯಲ್ಲ, ಅದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಒಂದೇ ಬಗೆಯ ಲೆಕ್ಕಾಚಾರ ಒಂದು ಕಡೆ ಕಾಯುತ್ತದೆ, ಇನ್ನೊಂದು ಕಡೆ ಗುಡಿಸಿಹಾಕುತ್ತದೆ. ಯಾಕೆ?

ಚಂದ್ರಗಳಿಂದ ಶುರು ಮಾಡೋಣ. ಐಯೊ ಒಂದು ಸುತ್ತಿಗೆ 1.769 ದಿನ ತೆಗೆದುಕೊಳ್ಳುತ್ತದೆ, ಯುರೋಪಾ 3.551 ದಿನ, ಗ್ಯಾನಿಮೀಡ್ 7.155 ದಿನ. ಐಯೊದ ಎರಡು ಸುತ್ತು ಲೆಕ್ಕ ಹಾಕಿ ನೋಡಿ, 3.538 ದಿನ ಬರುತ್ತದೆ. ಯುರೋಪಾದ ಒಂದು ಸುತ್ತಿಗಿಂತ ಸುಮಾರು 19 ನಿಮಿಷ ಕಡಿಮೆ. ಅಂದರೆ 2:1 ಅನ್ನುವುದು ಪಕ್ಕಾ 2:1 ಅಲ್ಲ! ಆದರೂ ಇದು ಅನುರಣನವೇ. ಹೇಗೆ ಅಂತ ನೋಡಬೇಕಾದರೆ ಭೇಟಿಗಳನ್ನು ನೋಡಬೇಕು.

ಐಯೊ ಒಳಗಿನ ದಾರಿಯಲ್ಲಿ ಓಡುತ್ತಾ ಯುರೋಪಾವನ್ನು ಹಿಂದೆ ಹಾಕುವ ಗಳಿಗೆಗೆ ಭೇಟಿ ಅನ್ನೋಣ. ಆಗ ಗುರು, ಐಯೊ, ಯುರೋಪಾ ಮೂರೂ ಒಂದೇ ಗೆರೆಯಲ್ಲಿರುತ್ತವೆ, ಎರಡೂ ಚಂದ್ರಗಳು ಒಂದೇ ಕಡೆ. ಇದು ಸುಮಾರು 3.525 ದಿನಕ್ಕೊಮ್ಮೆ ಆಗುತ್ತದೆ. ಆ 19 ನಿಮಿಷದ ವ್ಯತ್ಯಾಸದಿಂದಾಗಿ ಪ್ರತಿ ಭೇಟಿ ಹಿಂದಿನ ಭೇಟಿಯ ಜಾಗಕ್ಕಿಂತ ಸ್ವಲ್ಪ ಹಿಂದಕ್ಕೆ, ಸುಮಾರು 2.6 ಡಿಗ್ರಿ ಸರಿಯುತ್ತದೆ. ಹೀಗೆ ಸರಿಯುತ್ತಾ ಸರಿಯುತ್ತಾ 487 ದಿನದಲ್ಲಿ ಭೇಟಿಯ ಜಾಗ ಗುರುವಿನ ಸುತ್ತ ಒಂದು ಪೂರ್ತಿ ಸುತ್ತು ಹಾಕುತ್ತದೆ. ಮಜಾ ಏನೆಂದರೆ, ಐಯೊದ ಕಕ್ಷೆ ಸರಿಯಾದ ವೃತ್ತವಲ್ಲ, ಅದಕ್ಕೂ ಗುರುವಿಗೆ ಹತ್ತಿರದ ತುದಿ ಒಂದು, ದೂರದ ತುದಿ ಒಂದು ಇದೆ, ಮತ್ತು ಆ ಹತ್ತಿರದ ತುದಿ ಕೂಡ ಅದೇ ವೇಗದಲ್ಲಿ, ಅದೇ ದಿಕ್ಕಿನಲ್ಲಿ ಹಿಂದಕ್ಕೆ ಸರಿಯುತ್ತಿರುತ್ತದೆ. ಹಾಗಾಗಿ ಐಯೊ ಯುರೋಪಾವನ್ನು ದಾಟುವುದು ಯಾವಾಗಲೂ ತನ್ನ ಹತ್ತಿರದ ತುದಿಯಲ್ಲಿದ್ದಾಗಲೇ. ಯುರೋಪಾ ಆಗ ತನ್ನ ದೂರದ ತುದಿಯಲ್ಲಿರುತ್ತದೆ. ಇಬ್ಬರ ನಡುವೆ ಜಾಸ್ತಿ ಅಂತರ ಇರುವ ಜಾಗದಲ್ಲೇ ಭೇಟಿ.

ಇದು ಕಾಕತಾಳೀಯ ಅಲ್ಲ, ತಪ್ಪಿದರೆ ತಾನೇ ತಿದ್ದಿಕೊಳ್ಳುವ ವ್ಯವಸ್ಥೆ. ಒಂದು ಸಲ ಭೇಟಿ ಸ್ವಲ್ಪ ತಡವಾಯಿತು, ಐಯೊ ಹತ್ತಿರದ ತುದಿಯನ್ನು ದಾಟಿ ಹೊರಕ್ಕೆ ಸಾಗುವಾಗ ಆಯಿತು ಅಂತ ಇಟ್ಟುಕೊಳ್ಳಿ. ಭೇಟಿಗೆ ಮೊದಲು ಯುರೋಪಾ ಮುಂದಿರುತ್ತದೆ, ಐಯೊವನ್ನು ಮುಂದಕ್ಕೆ ಎಳೆಯುತ್ತದೆ. ಭೇಟಿಯ ನಂತರ ಯುರೋಪಾ ಹಿಂದಿರುತ್ತದೆ, ಹಿಂದಕ್ಕೆ ಎಳೆಯುತ್ತದೆ. ಐಯೊ ಹೊರಕ್ಕೆ ಸಾಗುತ್ತಿರುವುದರಿಂದ ನಂತರದ ಹೊತ್ತಿನಲ್ಲಿ ಇಬ್ಬರೂ ಇನ್ನಷ್ಟು ಹತ್ತಿರ, ಆದ್ದರಿಂದ ಹಿಂದಕ್ಕೆ ಎಳೆದದ್ದೇ ಜಾಸ್ತಿ. ಐಯೊ ಶಕ್ತಿ ಕಳೆದುಕೊಂಡು ಸ್ವಲ್ಪ ಒಳಕ್ಕೆ ಇಳಿಯುತ್ತದೆ. ಒಳಗಿನ ಕಕ್ಷೆ ಅಂದರೆ ಸುತ್ತಿನ ಸಮಯ ಕಡಿಮೆ. ಹಿಂದಕ್ಕೆ ಎಳೆದರೆ ಬೇಗ ಸುತ್ತುತ್ತದೆ! ಕೇಳಲು ತಲೆಕೆಳಗು, ಆದರೆ ಕಕ್ಷೆಯಲ್ಲಿ ಹಾಗೇ. ಬೇಗ ಸುತ್ತಿದ್ದರಿಂದ ಯುರೋಪಾವನ್ನು ಮುಂಚೆಯೇ ಹಿಡಿಯುತ್ತದೆ, ಭೇಟಿಯ ಜಾಗ ಹತ್ತಿರದ ತುದಿಯ ಕಡೆಗೆ ಮರಳುತ್ತದೆ. ಭೇಟಿ ಮುಂಚೆ ಆದರೆ ಇದೇ ಕಥೆ ಉಲ್ಟಾ. ಆದರೆ ದೂರದ ತುದಿಯಲ್ಲಿ ಭೇಟಿ ಆಗುವಂತೆ ಶುರು ಮಾಡಿ ಇದೇ ಲೆಕ್ಕ ಹಾಕಿದರೆ ತಪ್ಪು ಇನ್ನೂ ದೊಡ್ಡದಾಗುತ್ತಾ ಹೋಗುತ್ತದೆ.

ಗ್ಯಾನಿಮೀಡ್ ಕೂಡ ಇದೇ ಆಟದಲ್ಲಿದೆ. ಯುರೋಪಾ ಅದನ್ನು ಸುಮಾರು 7.05 ದಿನಕ್ಕೊಮ್ಮೆ ದಾಟುತ್ತದೆ, ಅಂದರೆ ಐಯೊ-ಯುರೋಪಾ ಭೇಟಿಯ ಸಮಯದ ಸರಿಯಾಗಿ ಎರಡರಷ್ಟು. ಎರಡೂ ಭೇಟಿಯ ಜಾಗಗಳು ಒಂದೇ ವೇಗದಲ್ಲಿ ಸರಿಯುತ್ತವೆ. ಪಕ್ಕಾ ಇರುವುದು ಈ ಮೂವರ ಒಪ್ಪಂದವೇ, 2:1 ಅಲ್ಲ. ಯುರೋಪಾ ಮತ್ತು ಗ್ಯಾನಿಮೀಡ್ ಒಂದೇ ಕಡೆ ಸಾಲಾದಾಗ ಐಯೊ ಸರಿಯಾಗಿ ಗುರುವಿನ ಆ ಕಡೆ ಇರುತ್ತದೆ. ಮೂರೂ ಒಂದೇ ಕಡೆ ಒಂದೇ ಸಾಲಿಗೆ ಬರುವುದೇ ಇಲ್ಲ. ಇದನ್ನು ಗಣಿತದಲ್ಲಿ ತೋರಿಸಿದವನು ಲಾಪ್ಲಾಸ್, ಅದಕ್ಕೇ ಇದಕ್ಕೆ ಲಾಪ್ಲಾಸ್ ಅನುರಣನ ಅನ್ನುತ್ತಾರೆ. ಕ್ಯಾಲಿಸ್ಟೊ ಈ ಗುಂಪಿನಲ್ಲಿಲ್ಲ, ಅದರ ಸುತ್ತು 16.69 ದಿನ, ಗ್ಯಾನಿಮೀಡ್‌ನ 2.33ರಷ್ಟು.

ಆದರೆ ತಿದ್ದಿಕೊಳ್ಳುವ ಗುಣ ಒಂದೇ ಸಾಕಾಗುವುದಿಲ್ಲ. ತಿದ್ದುವಾಗ ಆ ಕಡೆ ಈ ಕಡೆ ಓಲಾಡುತ್ತದೆಯಲ್ಲ, ಆ ಓಲಾಟ ಇಳಿಯಬೇಕಾದರೆ ಶಕ್ತಿ ಎಲ್ಲಾದರೂ ಸೋರಬೇಕು. ಅಲ್ಲಿ ಬರುತ್ತದೆ ಉಬ್ಬರವಿಳಿತ. ಭೇಟಿಗಳಿಂದಾಗಿ ಐಯೊದ ಕಕ್ಷೆ ಪೂರ್ತಿ ವೃತ್ತವಾಗಲು ಆಗುವುದಿಲ್ಲ. ಅದರ ಉತ್ಕೇಂದ್ರತೆ, ಅಂದರೆ ವೃತ್ತದಿಂದ ಎಷ್ಟು ಸರಿದಿದೆ ಅನ್ನುವ ಅಳತೆ, ಬರೀ 0.004. ಆದರೆ ಗುರುವಿನಷ್ಟು ದೈತ್ಯನ ಪಕ್ಕದಲ್ಲಿ ಅಷ್ಟೇ ಸಾಕು. ಪ್ರತಿ ಸುತ್ತಿನಲ್ಲೂ ಐಯೊದ ನೆಲ 100 ಮೀಟರ್‌ವರೆಗೂ ಉಬ್ಬಿ ಇಳಿಯುತ್ತದೆ. ಬಂಡೆ ಒಳಗೊಳಗೇ ತಿಕ್ಕಾಡಿ ಕಾಯುತ್ತದೆ. ಪೀಲ್, ಕ್ಯಾಸೆನ್, ರೇನಾಲ್ಡ್ಸ್ ಎಂಬ ಮೂವರು 1979ರ ಮಾರ್ಚ್ ಮೊದಲಲ್ಲಿ ಇದನ್ನು ಲೆಕ್ಕ ಹಾಕಿ, ಐಯೊದ ಒಳಗೆ ಬಂಡೆ ಕರಗಿರಬೇಕು ಅಂತ ಬರೆದರು. ಅದಾದ ಕೆಲವೇ ದಿನದಲ್ಲಿ, ಮಾರ್ಚ್ 8ರಂದು ವಾಯೇಜರ್ 1 ತೆಗೆದ ಚಿತ್ರದಲ್ಲಿ ಲಿಂಡಾ ಮೊರಬಿಟೊ ಐಯೊದ ಅಂಚಿನಾಚೆ ಎದ್ದ ಜ್ವಾಲಾಮುಖಿಯ ಕಾರಂಜಿ ಗುರುತಿಸಿದರು. ಲೆಕ್ಕ ಮೊದಲು, ಚಿತ್ರ ಆಮೇಲೆ. ವಿಜ್ಞಾನದಲ್ಲಿ ಇಷ್ಟು ಚೊಕ್ಕವಾಗಿ ಕೂಡಿಬರುವುದು ಅಪರೂಪ.

ಆ ಬಿಸಿ ಎಲ್ಲಾ ಕಕ್ಷೆಯ ಶಕ್ತಿಯಿಂದಲೇ ಬಂದದ್ದು. ಅದು ಐಯೊದ ಕಕ್ಷೆ ಜಾಸ್ತಿ ಉದ್ದವಾಗದಂತೆ ಬ್ರೇಕ್ ಹಾಕುತ್ತದೆ. ಇತ್ತ ಐಯೊ ಗುರುವಿನ ಮೇಲೆ ಎಬ್ಬಿಸುವ ಉಬ್ಬರ, ಗುರು 10 ಗಂಟೆಗೊಮ್ಮೆ ಗಿರ್ರನೆ ತಿರುಗುವುದರಿಂದ, ಐಯೊಗಿಂತ ಸ್ವಲ್ಪ ಮುಂದಿರುತ್ತದೆ. ಆ ಉಬ್ಬು ಐಯೊವನ್ನು ಮುಂದಕ್ಕೆ ಎಳೆದು ಹೊರಕ್ಕೆ ತಳ್ಳುತ್ತದೆ. ಐಯೊ ಹೀಗೆ ಹೊರಕ್ಕೆ ಬಂದು ಯುರೋಪಾವನ್ನು ಅನುರಣನದಲ್ಲಿ ಹಿಡಿಯಿತು, ಆಮೇಲೆ ಗ್ಯಾನಿಮೀಡ್ ಸೇರಿತು ಅನ್ನುವುದು ಒಂದು ವಾದ. ಇಲ್ಲ, ಚಂದ್ರಗಳು ಹುಟ್ಟಿದ ಅನಿಲದ ತಟ್ಟೆಯಲ್ಲೇ ಹೀಗೆ ಕೂಡಿಕೊಂಡವು ಅನ್ನುವುದು ಇನ್ನೊಂದು. ಯಾವುದೇ ಇರಲಿ, ಎರಡರಲ್ಲೂ ಶಕ್ತಿ ಸೋರಲು ದಾರಿ ಇತ್ತು.

ಈಗ ಪಟ್ಟಿಗೆ ಹೋಗೋಣ. ಇಲ್ಲಿ ಭೂಮಿ-ಸೂರ್ಯರ ದೂರವನ್ನು 1 ಅಂತ ಇಟ್ಟುಕೊಂಡು ಅಳೆಯುವುದು ರೂಢಿ. ಗುರು 5.2ರಲ್ಲಿದೆ, ಅದರ ಸುತ್ತು 11.86 ವರ್ಷ. 1866ರಲ್ಲಿ ಡೇನಿಯಲ್ ಕರ್ಕ್‌ವುಡ್ ಆಗ ಗೊತ್ತಿದ್ದ ನೂರಕ್ಕೂ ಕಡಿಮೆ ಕ್ಷುದ್ರಗ್ರಹಗಳನ್ನು ಅವುಗಳ ಸರಾಸರಿ ದೂರದ ಪ್ರಕಾರ ಜೋಡಿಸಿ ನೋಡಿ, ನಡುನಡುವೆ ಕೆಲವು ದೂರಗಳಲ್ಲಿ ಯಾರೂ ಇಲ್ಲ ಅಂತ ತೋರಿಸಿದ. ಆ ದೂರಗಳಲ್ಲಿ ಸುತ್ತಿನ ಸಮಯ ಗುರುವಿನದರ ಮೂರನೇ ಒಂದು, ಐದನೇ ಎರಡು, ಅರ್ಧ ಹೀಗೆ ಸರಳ ಭಿನ್ನರಾಶಿಗಳಾಗಿದ್ದವು. ಇವತ್ತು ಲಕ್ಷಗಟ್ಟಲೆ ಕ್ಷುದ್ರಗ್ರಹಗಳು ಗೊತ್ತಿವೆ, ಖಾಲಿ ಜಾಗಗಳು ಇನ್ನೂ ಸ್ಪಷ್ಟವಾಗಿವೆ: 2.5, 2.82, 3.28.

ಇಲ್ಲಿ ಒಂದು ಎಚ್ಚರಿಕೆ. ಇವು ಆಕಾಶದಲ್ಲಿ ಕಾಣುವ ಖಾಲಿ ಉಂಗುರಗಳಲ್ಲ. ಶನಿಯ ಉಂಗುರದ ಚಿತ್ರ ತಲೆಯಲ್ಲಿಟ್ಟುಕೊಂಡರೆ ದಾರಿ ತಪ್ಪುತ್ತೀರಿ. ಸರಾಸರಿ ದೂರ 2.7, ಉತ್ಕೇಂದ್ರತೆ 0.15 ಇರುವ ಒಂದು ಕ್ಷುದ್ರಗ್ರಹ 2.3ರಿಂದ 3.1ರವರೆಗೆ ಓಡಾಡುತ್ತದೆ, ಪ್ರತಿ ಸುತ್ತಿನಲ್ಲೂ 2.5 ಮತ್ತು 2.82ನ್ನು ದಾಟುತ್ತದೆ. ಯಾವ ಗಳಿಗೆಯಲ್ಲಿ ಫೋಟೊ ತೆಗೆದರೂ 2.5ರ ದೂರದಲ್ಲಿ ಬೇಕಾದಷ್ಟು ಕಲ್ಲುಗಳಿರುತ್ತವೆ. ಇಲ್ಲದೇ ಇರುವುದು 2.5 *ಸರಾಸರಿ* ದೂರ ಇರುವ ಕಲ್ಲುಗಳು.

ಆ 2.5ನ್ನೇ ತೆಗೆದುಕೊಳ್ಳೋಣ, ಚೆನ್ನಾಗಿ ಅರ್ಥವಾಗಿರುವುದು ಅದೇ. ಗುರುವಿನ 11.86 ವರ್ಷದ ಮೂರನೇ ಒಂದು ಭಾಗ 3.953 ವರ್ಷ. ಕೆಪ್ಲರನ ನಿಯಮದ ಪ್ರಕಾರ ದೂರದ ಘನ ಸಮಯದ ವರ್ಗಕ್ಕೆ ಸಮ:

```
3.953 × 3.953 = 15.63
2.5 × 2.5 × 2.5 = 15.63
```

ಇಲ್ಲಿ ಕ್ಷುದ್ರಗ್ರಹ 5.93 ವರ್ಷಕ್ಕೊಮ್ಮೆ ಗುರುವನ್ನು ದಾಟುತ್ತದೆ. ಅಷ್ಟರಲ್ಲಿ ಗುರು ಅರ್ಧ ಸುತ್ತು, ಕ್ಷುದ್ರಗ್ರಹ ಒಂದೂವರೆ ಸುತ್ತು. ಹಾಗಾಗಿ ಭೇಟಿ ಎರಡೇ ಜಾಗದಲ್ಲಿ, ಸೂರ್ಯನ ಈ ಕಡೆ ಒಮ್ಮೆ, ಎದುರು ಕಡೆ ಒಮ್ಮೆ.

ಸಾಮಾನ್ಯವಾಗಿ ಇದಕ್ಕೆ ಉಯ್ಯಾಲೆಯ ಉದಾಹರಣೆ ಕೊಡುತ್ತಾರೆ. ಸರಿಯಾದ ಹೊತ್ತಿಗೆ ಪದೇಪದೇ ತಳ್ಳಿದರೆ ಜೋರಾಗುತ್ತದೆ, ಹಾಗೇ ಗುರು ಪದೇಪದೇ ಎಳೆದು ಕಲ್ಲನ್ನು ಹೊರಗೆಸೆಯುತ್ತದೆ ಅಂತ. ನನಗೆ ಈ ವಿವರಣೆ ಅಷ್ಟು ಹಿಡಿಸುವುದಿಲ್ಲ. ಅದು ಶುರುವಿನ ಭಾಗ ಮಾತ್ರ ಹೇಳುತ್ತದೆ. ಎಳೆತದಿಂದ ಕಲ್ಲಿನ ಸುತ್ತಿನ ಸಮಯ ಬದಲಾದ ಕೂಡಲೇ ತಾಳ ತಪ್ಪುತ್ತದೆ, ತಾಳ ತಪ್ಪಿದರೆ ಮುಂದಿನ ಎಳೆತಗಳು ಉಲ್ಟಾ ಬೀಳುತ್ತವೆ, ಕಲ್ಲು ವಾಪಸ್ ಬರುತ್ತದೆ. ಐಯೊದಲ್ಲಿ ನೋಡಿದ ತಿದ್ದುವ ಆಟವೇ ಇಲ್ಲೂ ಇದೆ. ಉಯ್ಯಾಲೆಯ ಮಾತನ್ನು ಪೂರ್ತಿ ನಂಬಿದರೆ ಐಯೊವೂ ಎಂದೋ ಹಾರಿಹೋಗಬೇಕಿತ್ತು. ನಿಮ್ಮ ಪ್ರಶ್ನೆ ಹುಟ್ಟಿದ್ದೂ ಅಲ್ಲೇ, ಅಲ್ವಾ?

ಕೆಡುವುದು ಬೇರೆ ಕಾರಣಕ್ಕೆ. ಗುರುವಿನ ಕಕ್ಷೆಯೂ ಸರಿಯಾದ ವೃತ್ತವಲ್ಲ, ಅದರ ಉತ್ಕೇಂದ್ರತೆ ಸುಮಾರು 0.048. ಹಾಗಾಗಿ 2.5ರಲ್ಲಿರುವುದು ಒಂದೇ ಅನುರಣನವಲ್ಲ, ಪಕ್ಕಪಕ್ಕದಲ್ಲಿ ಕೆಲವು ಇವೆ. ಒಂದರಲ್ಲಿ ಭೇಟಿಯ ಜಾಗವನ್ನು ಕ್ಷುದ್ರಗ್ರಹದ ಹತ್ತಿರದ ತುದಿಯಿಂದ ಅಳೆಯಬೇಕು, ಇನ್ನೊಂದರಲ್ಲಿ ಗುರುವಿನ ಹತ್ತಿರದ ತುದಿಯಿಂದ, ಮತ್ತೊಂದರಲ್ಲಿ ಎರಡರಿಂದಲೂ. ಈ ತುದಿಗಳು ಬೇರೆ ಬೇರೆ ನಿಧಾನ ವೇಗದಲ್ಲಿ ತಿರುಗುತ್ತಿರುತ್ತವೆ. ಇವುಗಳ ವ್ಯಾಪ್ತಿ ಒಂದರ ಮೇಲೊಂದು ಬಿದ್ದಿರುವುದರಿಂದ ಕಲ್ಲು ಒಂದರ ತಿದ್ದುಪಡಿಗೆ ಪೂರ್ತಿ ಒಳಪಡುವ ಮೊದಲೇ ಇನ್ನೊಂದರ ಕೈಗೆ ಸಿಗುತ್ತದೆ. ಯಾವ ಕಡೆ ತಿದ್ದಬೇಕು ಅನ್ನುವುದೇ ಬದಲಾಗುತ್ತಾ ಇರುತ್ತದೆ. ಇಲ್ಲಿಂದ ಮುಂದೆ ಅದರ ದಾರಿ ಗೊಂದಲಮಯ: ಶುರುವಿನಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಕೊನೆಗೆ ಬೇರೆಯೇ ಕಥೆ.

ಇದನ್ನು ಮೊದಲು ತೋರಿಸಿದವರು ಜ್ಯಾಕ್ ವಿಸ್ಡಮ್, 1980ರ ದಶಕದ ಆರಂಭದಲ್ಲಿ. ಆಗಿನ ಕಂಪ್ಯೂಟರುಗಳಲ್ಲಿ ಒಂದು ಕ್ಷುದ್ರಗ್ರಹವನ್ನು ಹೆಜ್ಜೆಹೆಜ್ಜೆಯಾಗಿ ಲಕ್ಷಾಂತರ ವರ್ಷ ಓಡಿಸುವುದು ಆಗದ ಮಾತು. ಅವರು ಹೆಜ್ಜೆಗಳನ್ನು ಹಾರಿಸಿ ಲೆಕ್ಕ ಹಾಕುವ ಜಾಣ ವಿಧಾನ ಕಂಡುಕೊಂಡರು. ಕಂಡದ್ದೇನು ಗೊತ್ತಾ? ಕಲ್ಲು ಬಹಳ ಕಾಲ ಉತ್ಕೇಂದ್ರತೆ 0.1ರ ಒಳಗೆ ಸುಮ್ನೆ ಇರುತ್ತದೆ, ಆಮೇಲೆ ಇದ್ದಕ್ಕಿದ್ದ ಹಾಗೆ 0.3 ದಾಟಿ ಜಿಗಿಯುತ್ತದೆ. ಕಡಿಮೆ ಕಾಲ ಓಡಿಸಿ ನೋಡಿದವರಿಗೆ ಅದು ಶಾಂತವಾಗಿಯೇ ಕಾಣುತ್ತಿತ್ತು.

0.3 ಯಾಕೆ ಮುಖ್ಯ ಅಂದರೆ, ಸರಾಸರಿ ದೂರ 2.5 ಇದ್ದು ಉತ್ಕೇಂದ್ರತೆ 0.33 ಆದರೆ ಹತ್ತಿರದ ತುದಿ 2.5 × 0.67, ಸುಮಾರು 1.67. ಮಂಗಳ ಸೂರ್ಯನಿಂದ ಅತಿ ದೂರ ಹೋದಾಗ ಇರುವ ಜಾಗ ಅದೇ. ಅಲ್ಲಿಂದ ಮಂಗಳದ ಎಳೆತ ಶುರು. ಇನ್ನೂ ಮೇಲೇರಿ 0.6 ಆದರೆ ಭೂಮಿಯ ಕಕ್ಷೆ ತಾಗುತ್ತದೆ. ನಮಗೆ ಸಿಗುವ ಉಲ್ಕಾಶಿಲೆಗಳಲ್ಲಿ ಒಂದಷ್ಟು ಬರುವುದು ಈ ದಾರಿಯಲ್ಲೇ. ಆದರೆ ಬಹುಪಾಲು ಅಲ್ಲಿಗೂ ನಿಲ್ಲುವುದಿಲ್ಲ. 1990ರ ದಶಕದ ಲೆಕ್ಕಗಳಲ್ಲಿ ಶನಿಯನ್ನೂ ಸೇರಿಸಿದಾಗ ಉತ್ಕೇಂದ್ರತೆ 1ರ ಹತ್ತಿರ ಹೋಗುವುದು ಕಂಡಿತು, ಅಂದರೆ ಕಲ್ಲು ನೇರ ಸೂರ್ಯನಿಗೆ ಬೀಳುತ್ತದೆ. ಅದೂ ಕೆಲವೇ ಮಿಲಿಯನ್ ವರ್ಷಗಳಲ್ಲಿ. ಸೌರಮಂಡಲದ 450 ಕೋಟಿ ವರ್ಷದ ಮುಂದೆ ಅದು ಏನೂ ಅಲ್ಲ. ಗಮನಿಸಿ, ಗುರು ಕಲ್ಲನ್ನು ಎತ್ತಿ ಎಸೆಯಲಿಲ್ಲ. ಸರಾಸರಿ ದೂರ ಹೆಚ್ಚುಕಮ್ಮಿ 2.5ರಲ್ಲೇ ಉಳಿಯಿತು, ಕಕ್ಷೆ ಮಾತ್ರ ಉದ್ದವಾಗುತ್ತಾ ಹೋಯಿತು. ಕೆಲಸ ಮುಗಿಸುವುದು ಮಂಗಳ, ಭೂಮಿ ಅಥವಾ ಸೂರ್ಯ.

ಐಯೊ ಹೀಗೆ ಉದ್ದವಾಗಲು ಹೊರಟರೆ ಉಬ್ಬರದ ತಿಕ್ಕಾಟ ಅದನ್ನು ಮತ್ತೆ ಇಳಿಸುತ್ತದೆ. 5 ಕಿಲೋಮೀಟರ್ ಕಲ್ಲಿಗೆ ಅಂಥ ಬ್ರೇಕ್ ಇಲ್ಲ. ಸೂರ್ಯನಿಂದ ಅಷ್ಟು ದೂರದಲ್ಲಿ ಅದರೊಳಗೆ ಉಬ್ಬರವೇ ಏಳುವುದಿಲ್ಲ, ಮತ್ತು ಗುರುವಿನ ಕಕ್ಷೆಯನ್ನು ಸರಿಸುವಷ್ಟು ತೂಕವೂ ಅದಕ್ಕಿಲ್ಲ. ಐಯೊ ಯುರೋಪಾವನ್ನು ಎಳೆದರೆ ಯುರೋಪಾ ಜರುಗುತ್ತದೆ, ಕಲ್ಲು ಗುರುವನ್ನು ಎಳೆದರೆ ಗುರುವಿಗೆ ಗೊತ್ತೂ ಆಗುವುದಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ: ಅನುರಣನ ಅನ್ನುವುದು ತಾನಾಗಿ ಕಾಯುವುದೂ ಇಲ್ಲ, ಕೆಡಿಸುವುದೂ ಇಲ್ಲ. ಪಕ್ಕದಲ್ಲಿ ಇನ್ನೊಂದು ಅನುರಣನ ಮೈಮೇಲೆ ಬಿದ್ದಿದೆಯೇ, ಶಕ್ತಿ ಸೋರಲು ದಾರಿ ಇದೆಯೇ, ಇವೆರಡೇ ಅದನ್ನು ನಿರ್ಧರಿಸುತ್ತವೆ.

ಬ್ರೇಕ್ ಇಲ್ಲದೆಯೂ ಬದುಕಿದವರಿದ್ದಾರೆ. 3.97ರ ಹತ್ತಿರ, ಗುರು ಎರಡು ಸುತ್ತು ಹಾಕುವಷ್ಟರಲ್ಲಿ ಮೂರು ಸುತ್ತುವ ಜಾಗದಲ್ಲಿ, ಖಾಲಿ ಜಾಗ ಇಲ್ಲ, ಉಲ್ಟಾ ಒಂದು ಗುಂಪೇ ಇದೆ. ಹಿಲ್ಡಾ ಗುಂಪು ಅನ್ನುತ್ತಾರೆ. ಅವು ಗುರುವನ್ನು ದಾಟುವುದು ತಮ್ಮ ಹತ್ತಿರದ ತುದಿಯಲ್ಲಿದ್ದಾಗ, ಐಯೊ ಹಾಗೆಯೇ. ಅಲ್ಲಿ ಸುತ್ತಮುತ್ತ ಅನುರಣನ ಇಲ್ಲದ ಕಕ್ಷೆಗಳೇ ಅಪಾಯದವು, ಅನುರಣನದಲ್ಲಿ ಸಿಕ್ಕವು ಉಳಿದವು. 3.28ರ 2:1 ಜಾಗ ಇವೆರಡರ ನಡುವಿನ ಕಥೆ. ಅಲ್ಲೂ ಗೊಂದಲ ಇದೆ, ಆದರೆ ತುಂಬಾ ನಿಧಾನ, ಕೆಲವು ಕಲ್ಲುಗಳು ಇನ್ನೂ ಅಲ್ಲೇ ಉಳಿದಿವೆ.

2.5ರ ಜಾಗ ಖಾಲಿ ಅಂದೆ, ಆದರೆ ಅಲ್ಲಿಗೆ ಹೊಸ ಕಲ್ಲುಗಳು ಬರುತ್ತಲೇ ಇರುತ್ತವೆ. ಬಿಸಿಲಿಗೆ ಕಾದ ಕಲ್ಲಿನ ಮೈ ಆ ಶಾಖವನ್ನು ಸ್ವಲ್ಪ ತಡವಾಗಿ ಹೊರಬಿಡುತ್ತದೆ, ಆ ಚೂರು ನೂಕಿನಿಂದ ಕಕ್ಷೆ ಮೆಲ್ಲಗೆ ಸರಿಯುತ್ತದೆ. ಇದಕ್ಕೆ ಯಾರ್ಕೋವ್‌ಸ್ಕಿ ಪರಿಣಾಮ ಅನ್ನುತ್ತಾರೆ. ಬೆನ್ನು ಎಂಬ ಹೆಸರಿನ ಅರ್ಧ ಕಿಲೋಮೀಟರ್ ಗಾತ್ರದ ಕ್ಷುದ್ರಗ್ರಹದಲ್ಲಿ ಅಳೆದಾಗ ವರ್ಷಕ್ಕೆ ಸುಮಾರು 284 ಮೀಟರ್ ಬಂತು. ಹೀಗೆ ತೆವಳುತ್ತಾ ಬಂದು ಅಂಚು ದಾಟಿದ ಕಲ್ಲು ಮೇಲೆ ಹೇಳಿದ ದಾರಿ ಹಿಡಿಯುತ್ತದೆ.

ಅಂಥ ಒಂದನ್ನು ನೀವೇ ಪರೀಕ್ಷಿಸಬಹುದು. 1918ರಲ್ಲಿ ಮ್ಯಾಕ್ಸ್ ವೋಲ್ಫ್ ಕಂಡುಹಿಡಿದ 887 ಅಲಿಂಡಾ. ನಾಸಾದ ಜೆಪಿಎಲ್ ಡೇಟಾಬೇಸಿನಲ್ಲಿ ಅದರ ಸರಾಸರಿ ದೂರ `a` ಸುಮಾರು 2.47, ಉತ್ಕೇಂದ್ರತೆ `e` ಸುಮಾರು 0.57 ಅಂತ ಕಾಣುತ್ತದೆ. ಹತ್ತಿರದ ತುದಿ 2.47 × 0.43, ಅಂದರೆ 1.06, ಭೂಮಿಯ ಕಕ್ಷೆಯ ಹೊಸ್ತಿಲು. 2025ರ ಜನವರಿಯಲ್ಲಿ ಅದು ನಮ್ಮಿಂದ ಸುಮಾರು 1.2 ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಸುತ್ತಿನ ಸಮಯ 3.88 ವರ್ಷ, ಗುರುವಿನ 11.86ನ್ನು ಅದರಿಂದ ಭಾಗಿಸಿದರೆ 3.06. ಸರಿಯಾಗಿ 3 ಬರಲಿಲ್ಲ ಅಂತ ಅದನ್ನು ಅನುರಣನದ ಪಟ್ಟಿಯಿಂದ ತೆಗೆಯಬೇಡಿ. ಸಿಕ್ಕಿಬಿದ್ದ ಕಲ್ಲಿನ `a` 2.5ರ ಆಚೀಚೆ ಓಲಾಡುತ್ತಲೇ ಇರುತ್ತದೆ, ಡೇಟಾಬೇಸಿನಲ್ಲಿ ಇರುವುದು ಒಂದು ದಿನದ ಬೆಲೆ ಮಾತ್ರ. ಸಾವಿರಾರು ವರ್ಷ ಓಡಿಸಿ, ಭೇಟಿಯ ಜಾಗ ಹತ್ತಿರದ ತುದಿಯಿಂದ ಅಳೆದಾಗ ಒಂದು ಮಿತಿಯೊಳಗೆ ಓಲಾಡುತ್ತದೋ ಅಥವಾ ಪೂರ್ತಿ ಸುತ್ತು ಹಾಕುತ್ತದೋ ಅಂತ ನೋಡಬೇಕು. ಓಲಾಡಿದರೆ ಅನುರಣನ, ಸುತ್ತು ಹಾಕಿದರೆ ಅಲ್ಲ. ಅಲಿಂಡಾ ಓಲಾಡುತ್ತದೆ.